ಫೋಟೊದಲ್ಲಿನ ಫಾರ್ಮುಲಾ ಓದಿ C3 ಸೆಲ್ಲಿನ ಉತ್ತರ ಕಂಡುಹಿಡಿಯುವುದು

ಪ್ರಶ್ನೆ: ನಾನು ಪುಣೆಯ ಚಿಂಚವಾಡದಲ್ಲಿ ಬಿಡಿಭಾಗಗಳ ಅಂಗಡಿಯೊಂದರ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ, ಸಂಜೆ ಕಂಪ್ಯೂಟರ್ ತರಗತಿಗೆ ಹೋಗುತ್ತೇನೆ. ಅಭ್ಯಾಸದ ಪ್ರಶ್ನೆಪತ್ರಿಕೆಯನ್ನು ಗೆಳೆಯರೊಬ್ಬರು ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಅದರಲ್ಲಿ A2ರಲ್ಲಿ 400, A3ರಲ್ಲಿ 250, B1ರಲ್ಲಿ 5%, C1ರಲ್ಲಿ 18% ಇವೆ. B2ರ ಫಾರ್ಮುಲಾವನ್ನು C3ಗೆ ಕಾಪಿ ಮಾಡಿದರೆ ಏನು ಬರುತ್ತದೆ ಎಂಬುದು ಪ್ರಶ್ನೆ. ಉತ್ತರ 45 ಎಂದು ಕೊಟ್ಟಿದ್ದಾರೆ. ಆದರೆ ನಾನು ಫೋಟೊ ನೋಡಿ `=SA2*BS1` ಎಂದು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ 0 ಬರುತ್ತದೆ. ಸರ್, ಉತ್ತರವೇ ತಪ್ಪಿದೆಯೇ?

ಉತ್ತರ: ಕೊಟ್ಟಿರುವ 45 ಸರಿಯಾಗಿದೆ. ಮಸುಕಾದ ಫೋಟೊದಲ್ಲಿ ಡಾಲರ್ ಚಿಹ್ನೆ ನಿಮಗೆ S ಅಕ್ಷರದಂತೆ ಕಂಡಿದೆ. ಮೂಲದಲ್ಲಿ ಇರಬೇಕಾದ ಫಾರ್ಮುಲಾ ಇದು:

```
=$A2*B$1
```

ಇಂಥ ಓದಿನ ತಪ್ಪು ಸುಲಭವಾಗಿ ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ. ಎಕ್ಸೆಲ್ ಹಾಳೆಯ ಕಾಲಮ್‌ಗಳು Z ಆದ ಮೇಲೆ AA, AB ಎಂದು ಮುಂದುವರಿದು XFDವರೆಗೆ ಹೋಗುವುದರಿಂದ, SA2 ಮತ್ತು BS1 ಎಂಬ ಸೆಲ್‌ಗಳು ನಿಜವಾಗಿಯೂ ಇವೆ. ಆದ್ದರಿಂದ ಎಕ್ಸೆಲ್ ಯಾವ ದೋಷವನ್ನೂ ತೋರಿಸದೆ, ಆ ಎರಡು ಖಾಲಿ ಸೆಲ್‌ಗಳನ್ನು ಸೊನ್ನೆ ಎಂದು ಎಣಿಸಿ ಗುಣಿಸಿ 0 ಕೊಡುತ್ತದೆ. ಚಿತ್ರದ ಕೋಷ್ಟಕದಲ್ಲಿ ಮೂರೇ ಕಾಲಮ್‌ಗಳಿದ್ದು, ಫಾರ್ಮುಲಾದಲ್ಲಿ ಮಾತ್ರ ಅಷ್ಟು ದೂರದ ಕಾಲಮ್ ಕಾಣಿಸಿದರೆ, ಅಲ್ಲಿರುವ S ಡಾಲರ್ ಚಿಹ್ನೆಯೇ ಆಗಿರಬಹುದೆಂದು ಮೊದಲು ಪರೀಕ್ಷಿಸಿ.

ಈಗ 45 ಬರುವ ಬಗೆಯನ್ನು ನೋಡೋಣ. B2ರಿಂದ C3ಗೆ ಹೋಗುವುದೆಂದರೆ ಒಂದು ಕಾಲಮ್ ಬಲಕ್ಕೆ, ಒಂದು ಸಾಲು ಕೆಳಕ್ಕೆ ಸರಿಯುವುದು. ಫಾರ್ಮುಲಾದೊಳಗಿನ ವಿಳಾಸಗಳೂ ಅಷ್ಟೇ ಸರಿಯಬೇಕು. ಆದರೆ ಡಾಲರ್ ಚಿಹ್ನೆಯು ತನ್ನ ಮುಂದಿರುವ ಅಕ್ಷರವನ್ನೋ ಸಂಖ್ಯೆಯನ್ನೋ ಕದಲಲು ಬಿಡುವುದಿಲ್ಲ. `$A2`ದಲ್ಲಿ A ನಿಂತಲ್ಲೇ ನಿಂತು 2 ಮಾತ್ರ 3 ಆಗುತ್ತದೆ. `B$1`ರಲ್ಲಿ B ಹೋಗಿ C ಬರುತ್ತದೆ, 1 ಹಾಗೆಯೇ ಉಳಿಯುತ್ತದೆ. ಹೀಗೆ C3ರಲ್ಲಿ `=$A3*C$1` ಇರುತ್ತದೆ. 250ನ್ನು 18%ರಿಂದ, ಅಂದರೆ 0.18ರಿಂದ ಗುಣಿಸಿದರೆ 45. ಕಾಗದದ ಮೇಲೆ ಮಾಡುವಾಗಲೂ ಮೊದಲು ಹೊಸ ಫಾರ್ಮುಲಾವನ್ನು ಪೂರ್ತಿ ಬರೆದುಕೊಂಡು, ಆಮೇಲಷ್ಟೇ ಸಂಖ್ಯೆಗಳನ್ನು ತುಂಬಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲೇ ಮಾಡಲು ಹೋದಾಗ ಡಾಲರ್ ಚಿಹ್ನೆ ಮರೆತುಹೋಗುವುದು ಹೆಚ್ಚು.

ಡಾಲರ್ ಚಿಹ್ನೆಗಳು ಫೋಟೊದಲ್ಲಿ ಪೂರ್ತಿಯಾಗಿ ಅಳಿಸಿಹೋಗಿ `=A2*B1` ಎಂದಷ್ಟೇ ಕಂಡಿದ್ದರೆ ಏನಾಗುತ್ತಿತ್ತು ಎಂಬುದನ್ನೂ ತಿಳಿದಿರಬೇಕು. B2ರಲ್ಲಿ ಆಗಲೂ 20 ಬರುವುದರಿಂದ ಅನುಮಾನವೇ ಹುಟ್ಟುವುದಿಲ್ಲ. ಅದನ್ನು C3ಗೆ ನೇರವಾಗಿ ಕಾಪಿ ಮಾಡಿದರೆ `=B3*C2` ಆಗುತ್ತದೆ. ಆ ಎರಡೂ ಖಾಲಿಯಾಗಿರುವುದರಿಂದ ಉತ್ತರ 0. ಅದೇ ಫಾರ್ಮುಲಾವನ್ನು B2ರಿಂದ C3ವರೆಗಿನ ನಾಲ್ಕೂ ಸೆಲ್‌ಗಳಿಗೆ ಎಳೆದು ತುಂಬಿದರೆ, B3ರಲ್ಲಿ 250 ಗುಣಿಸು 20, ಅಂದರೆ 5000, C2ರಲ್ಲಿ 20ರ 18%, ಅಂದರೆ 3.6 ಬಂದು, C3ರಲ್ಲಿ 18000 ಕಾಣಿಸುತ್ತದೆ. ಒಂದೇ ಫಾರ್ಮುಲಾಕ್ಕೆ ಎರಡು ಉತ್ತರಗಳು ಬರುವುದರಿಂದ, ಪ್ರಶ್ನೆಯಲ್ಲಿ C3ಗೆ ಮಾತ್ರ ಕಾಪಿ ಮಾಡಲು ಹೇಳಿದ್ದಾರೆಯೇ, ನಡುವಿನ ಸೆಲ್‌ಗಳನ್ನೂ ತುಂಬಲು ಹೇಳಿದ್ದಾರೆಯೇ ಎಂಬುದನ್ನು ಗಮನವಿಟ್ಟು ಓದಬೇಕು. ಡಾಲರ್ ಚಿಹ್ನೆ ಸರಿಯಾದ ಜಾಗದಲ್ಲಿದ್ದರೆ ಈ ವ್ಯತ್ಯಾಸವೇ ಹುಟ್ಟುವುದಿಲ್ಲ.

ಫೋಟೊ ಎಷ್ಟೇ ಸ್ಪಷ್ಟವಾಗಿದ್ದರೂ ಹೇಳಲಾರದ ಸಂಗತಿಗಳೂ ಇವೆ. 18% ಎಂದು ಕಾಣುವ ಸೆಲ್ಲಿನಲ್ಲಿ 17.6% ಇದ್ದು, ದಶಮಾಂಶವನ್ನು ತೋರಿಸದಂತೆ ಮಾಡಿದ್ದರೆ ಉತ್ತರ 44 ಆಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಇಂಥದ್ದು ವಿರಳ. ಅಂಗಡಿಯ ಹಾಳೆಗಳಲ್ಲಿ ಆಗಾಗ ಎದುರಾಗುತ್ತದೆ. ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಪಠ್ಯವಾಗಿ ದಾಖಲಾದ ಸಂಖ್ಯೆ. A3ರ 250 ಹಾಗಿದ್ದರೆ ಗುಣಾಕಾರದಲ್ಲಿ ಎಕ್ಸೆಲ್ ಅದನ್ನು ಸಂಖ್ಯೆಯಾಗಿ ಪರಿವರ್ತಿಸಿಕೊಳ್ಳುವುದರಿಂದ 45 ಬಂದೇ ಬರುತ್ತದೆ. ಆದರೆ `=SUM(A2:A3)` ಅದನ್ನು ಲೆಕ್ಕಕ್ಕೆ ಹಿಡಿಯದೆ, 650ರ ಬದಲು 400 ಕೊಡುತ್ತದೆ. ಜೋಡಣೆಯನ್ನು ಯಾರೂ ಬದಲಿಸದಿದ್ದರೆ ಸಂಖ್ಯೆ ಸೆಲ್ಲಿನ ಬಲಕ್ಕೂ ಪಠ್ಯ ಎಡಕ್ಕೂ ಅಂಟಿಕೊಂಡಿರುತ್ತದೆ, ಅದೇ ಗುರುತು. ಆದರೆ ಫಾರ್ಮುಲಾಗಳೇ ಕಾಣುವಂತೆ Ctrl+` ಒತ್ತಿ ತೆಗೆದ ಫೋಟೊದಲ್ಲಿ ಸಂಖ್ಯೆಗಳೂ ಎಡಕ್ಕೆ ಸರಿದಿರುವುದರಿಂದ ಈ ಗುರುತನ್ನು ನಂಬುವಂತಿಲ್ಲ. ಅಂಥ ಫೋಟೊದಲ್ಲಿ 18% ಎಂಬುದು 0.18 ಎಂದು ಕಾಣುತ್ತದೆ. ಮೊದಲು ಅದನ್ನು ನೋಡಿಕೊಂಡು, ಆಮೇಲೆ ಎಡಬಲದ ಜೋಡಣೆಯನ್ನು ಗಮನಿಸಿ.