ಕ್ರಿಪ್ಟೋ ಖಾತೆಯ ವಿತ್‌ಡ್ರಾ ಲಾಕ್, ಕೆವೈಸಿಯೂ ನಿಂತಿದೆ

“ಹೊಸ ಡಿವೈಸಿನಿಂದ ಲಾಗಿನ್ ಆಗಿದೆ ಅಂತ ಮೇಲ್ ಬಂತು, ಪಾಸ್‌ವರ್ಡ್ ಬದಲಿಸಿದೆ. ಆಗಿನಿಂದ ವಿತ್‌ಡ್ರಾ ಲಾಕ್. ಕೆವೈಸಿ ಮತ್ತೆ ಮಾಡಿ ಅಂದರು, ಎಂಟು ದಿನದಿಂದ Under review ಅಂತಲೇ ಇದೆ. ಬೆಂಗಳೂರಲ್ಲಿದ್ದೇನೆ, ಏನು ಮಾಡಲಿ?”

ಇಲ್ಲಿ ಎರಡು ಬೀಗ ಇವೆ. ಒಂದೇ ಅಂದುಕೊಂಡು ನಾನೂ ಎಡವಿದ್ದೆ.

ಮೊದಲನೆಯದು ಪಾಸ್‌ವರ್ಡ್ ಬದಲಿಸಿದ್ದಕ್ಕೆ ಬೀಳುವುದು. ಸಾಮಾನ್ಯವಾಗಿ 24 ಗಂಟೆ, ಕೆಲವು ಕಡೆ ಇನ್ನೂ ಜಾಸ್ತಿ. ಅದು ತಾನಾಗಿ ಬಿಡುತ್ತದೆ. ಆದರೆ ಭಯಕ್ಕೆ ಮತ್ತೆ ಪಾಸ್‌ವರ್ಡ್ ಬದಲಿಸಿದರೆ ಲೆಕ್ಕ ಮೊದಲಿಂದ ಶುರುವಾಗಬಹುದು. ನಾನು ಎರಡು ಸಲ ಹಾಗೆ ಮಾಡಿ ಎರಡು ದಿನ ಕಳೆದೆ. ಅದರ ಬದಲು ನಿಮ್ಮ ಮೇಲ್‌ನಲ್ಲಿ ಯಾರಾದರೂ ಫಾರ್ವರ್ಡಿಂಗ್ ಹಾಕಿದ್ದಾರಾ, ಬೇರೆ ಆ್ಯಪ್‌ನಿಂದ ಖಾತೆ ನಡೆಸಲು ಬಿಡುವ, ನೀವು ಮಾಡದ API key ಖಾತೆಯಲ್ಲಿ ಇದೆಯಾ ನೋಡಿ ತೆಗೆದುಹಾಕಿ.

ನಿಮ್ಮನ್ನು ಎಂಟು ದಿನ ಕಾಯಿಸುತ್ತಿರುವುದು ಎರಡನೆಯದು, ಕೆವೈಸಿ. ನನ್ನದು ನಿಂತಿದ್ದು ಇನಿಶಿಯಲ್‌ನಿಂದ! ಪ್ಯಾನ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿತ್ತು. ಬ್ಯಾಂಕಿನಲ್ಲಿ ಬರೀ ‘ಕೆ ಆರ್’. ಎಕ್ಸ್‌ಚೇಂಜ್‌ನವರು ಖಾತೆಗೆ 1 ರೂಪಾಯಿ ಹಾಕಿ, ಬ್ಯಾಂಕ್ ತೋರಿಸುವ ಹೆಸರನ್ನು ಪ್ಯಾನ್ ಜೊತೆ ಹೋಲಿಸುತ್ತಾರೆ. ನಿಮ್ಮ ಸ್ಟೇಟ್‌ಮೆಂಟ್ ತೆಗೆದು ನೋಡಿ. ಆ 1 ರೂಪಾಯಿ ಬಂದಿದೆ, ಆದರೂ ಕೆವೈಸಿ ಕದಲಿಲ್ಲ ಅಂದರೆ ಹೆಸರಿನ ಮೇಲೇ ಮೊದಲ ಅನುಮಾನ. ನಮ್ಮ ಕಡೆಯವರಿಗೆ ಇದು ಮಾಮೂಲಿ, ಅಲ್ವಾ?

ನಾನು ಜಯನಗರದ ಬ್ರಾಂಚಿಗೆ ಪ್ಯಾನ್, ಆಧಾರ್ ಮೂಲಪ್ರತಿ ತೆಗೆದುಕೊಂಡು ಹೋಗಿ ಹೆಸರು ಪೂರ್ತಿ ಮಾಡಿಸಲು ಅರ್ಜಿ ಕೊಟ್ಟೆ. ಮೂರು ದಿನಕ್ಕೆ ಸರಿಯಾಯಿತು. ಅಲ್ಲಿಯವರೆಗೆ ದಾಖಲೆ ಸುಮ್ನೆ ಮತ್ತೆ ಮತ್ತೆ ಅಪ್‌ಲೋಡ್ ಮಾಡಬೇಡಿ, ಸಾಲಿನ ಹಿಂದಕ್ಕೆ ಹೋಗಬಹುದು. ಟಿಕೆಟ್ ಒಂದೇ ಇರಲಿ. ಅದರಲ್ಲೇ ಅಲರ್ಟ್ ಬಂದ ದಿನ, ಸ್ಟೇಟ್‌ಮೆಂಟ್‌ನಲ್ಲಿರುವ ಆ 1 ರೂಪಾಯಿಯ UTR ನಂಬರ್ ಬರೆದು, ‘ಯಾವ ದಾಖಲೆ ಹೊಂದುತ್ತಿಲ್ಲ?’ ಅಂತ ನೇರವಾಗಿ ಕೇಳಿ. ನನಗೆ ಈ ಪ್ರಶ್ನೆಗೆ ಮಾತ್ರ ಮನುಷ್ಯರಿಂದ ಉತ್ತರ ಬಂತು.

ಅದಕ್ಕೂ ಜಗ್ಗದಿದ್ದರೆ ಅವರ ಸೈಟಿನಲ್ಲಿರುವ ಗ್ರೀವೆನ್ಸ್ ಆಫೀಸರ್‌ಗೆ ಮೇಲ್ ಮಾಡಿ. 2021ರ ಐಟಿ ನಿಯಮದಲ್ಲಿ ದೂರು ಸಿಕ್ಕಿದೆ ಅಂತ 24 ಗಂಟೆಯೊಳಗೆ ತಿಳಿಸಬೇಕು, ನಿಗದಿತ ದಿನಗಳೊಳಗೆ ಮುಗಿಸಬೇಕು ಅಂತಿದೆ. ಅದನ್ನು ಮೇಲ್‌ನಲ್ಲೇ ನೆನಪಿಸಿ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಬರುತ್ತವೆ, ಹಾಗಾಗಿ ಕೆವೈಸಿ ಬಿಟ್ಟು ಲಾಕ್ ತೆಗೆಯಿರಿ ಅಂತ ಕೂಗಾಡಿ ಪ್ರಯೋಜನವಿಲ್ಲ.

ಕಾಯಿನ್ ನಿಜಕ್ಕೂ ಹೊರಗೆ ಹೋಗಿದ್ದರೆ ಮಾತ್ರ ಇದೆಲ್ಲ ಬಿಟ್ಟು ಈಗಲೇ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಹಾಕಿ.

ಈ ಪ್ರಶ್ನೆ ನೋಡಿ ‘ಲಾಕ್ ತೆಗೆಸಿಕೊಡ್ತೀನಿ ಸರ್’ ಅಂತ ಟೆಲಿಗ್ರಾಂನಲ್ಲಿ ಬರುವವರಿರುತ್ತಾರೆ. ಅವರು ಮೊದಲು ಕೇಳುವುದು ಫೀಸು, ಆಮೇಲೆ ಒಟಿಪಿ. ಬ್ಲಾಕ್ ಮಾಡಿ.