ಒಂದೇ ಮಳೆ ಪಟ್ಟಿ, ನಾಲ್ಕು ಬೇರೆ ಮೊತ್ತ

ಪ್ರಶ್ನೆ: ನಾನು ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಹಳೆಯ ಪುಸ್ತಕದಲ್ಲಿದ್ದ ಮಳೆ ಪಟ್ಟಿಯನ್ನು ಮಕ್ಕಳಿಂದ ಸ್ಪ್ರೆಡ್‌ಶೀಟ್‌ಗೆ ಹಾಕಿಸಿ ಚಾರ್ಟ್ ಮಾಡಿಸಿದೆ. ನಾಲ್ಕು ಗುಂಪಿಗೆ ನಾಲ್ಕು ಬೇರೆ ಮೊತ್ತ ಬಂತು. ಚಾರ್ಟ್‌ಗಳೂ ಒಂದರಂತೆ ಒಂದಿಲ್ಲ. ಮತ್ತೆ ಮಾಡಿಸಬೇಕು. ನನಗೆ ಸಿಗುವುದು ಮೂರು ಪಿರಿಯಡ್. ಪಾಠವನ್ನು ಹೇಗೆ ಜೋಡಿಸಲಿ?
— ಒಬ್ಬ ಶಿಕ್ಷಕಿ, ವಡಾಲ

ಉತ್ತರ: ಮೇಡಂ, ಮೊದಲ ಪಿರಿಯಡ್‌ನಲ್ಲಿ ಕಂಪ್ಯೂಟರ್ ಹಚ್ಚಲೇಬೇಡಿ. ಪಟ್ಟಿಯನ್ನು ಓದಲು ಬಂದರೆ ಟೈಪ್ ಮಾಡುವುದು ದೊಡ್ಡ ಕೆಲಸವಲ್ಲ. ಓದಲು ಬಾರದೇ ಟೈಪ್ ಮಾಡಿದರೆ ಚಾರ್ಟ್ ಚಂದ ಕಾಣುತ್ತದೆ, ಆದರೆ ಸುಳ್ಳು ಹೇಳುತ್ತದೆ. ಇಡೀ ತಿಂಗಳ ಪಟ್ಟಿಯೂ ಬೇಡ, ಹತ್ತು ದಿನದ್ದು ಸಾಕು. ಅಭ್ಯಾಸಕ್ಕೆಂದು ನಾನೇ ಮಾಡಿದ ಒಂದು ಪಟ್ಟಿ ಇಲ್ಲಿದೆ. ಅಂಕಿಗಳು ಕಲ್ಪನೆಯವು, ಆದರೆ ಗುರುತುಗಳು ಮುದ್ರಿತ ಪಟ್ಟಿಗಳಲ್ಲಿ ನಿಜಕ್ಕೂ ಬರುವಂಥವು.

ಜುಲೈ 1ರಿಂದ 10ರವರೆಗೆ, ಮಿ.ಮೀ.ನಲ್ಲಿ: 36.2, 12.4, T, 0.0, 8.6, —, 91.8*, 64.0, 2.1, 27.5. ಕೆಳಗೆ ಒಟ್ಟು 242.6. ಅಡಿಟಿಪ್ಪಣಿ: * ಎರಡು ದಿನದ ಮಳೆ ಸೇರಿದೆ.

ಇದನ್ನು ಬೋರ್ಡ್ ಮೇಲೆ ಬರೆದು ಮಕ್ಕಳನ್ನೇ ಕೇಳಿ: ಮೂರನೇ, ನಾಲ್ಕನೇ, ಆರನೇ ತಾರೀಖಿಗೆ ಏನು ವ್ಯತ್ಯಾಸ? ಹೆಚ್ಚಿನವರು ಮೂರಕ್ಕೂ ಸೊನ್ನೆ ಅನ್ನುತ್ತಾರೆ. ಮೂರೂ ಬೇರೆ ಬೇರೆ. ನಾಲ್ಕರಂದು ಮಳೆಮಾಪಕ ನೋಡಿದ್ದಾರೆ, ನೀರಿರಲಿಲ್ಲ. ಮೂರರಂದು ಹನಿ ಬಿದ್ದಿದೆ, ಆದರೆ 0.1 ಮಿ.ಮೀ.ಗಿಂತ ಕಡಿಮೆ, ಅಳೆಯುವಷ್ಟಿಲ್ಲ. ಅದಕ್ಕೆ T ಎಂದು ಬರೆಯುತ್ತಾರೆ. ಆರರಂದು ಅಳತೆಯೇ ಆಗಿಲ್ಲ. ಅವತ್ತು ಬಿದ್ದ ನೀರು ಮಾಪಕದಲ್ಲೇ ಉಳಿದು, ಮರುದಿನದ 91.8ರಲ್ಲಿ ಸೇರಿಕೊಂಡಿದೆ. ಅಂದರೆ ಆರರಂದು ಜೋರು ಮಳೆ ಬಂದಿರಲೂಬಹುದು.

ತಾರೀಖಿನ ವಿಷಯವನ್ನೂ ಇವತ್ತೇ ಹೇಳಿಬಿಡಿ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಹೆಸರಿಗೆ ಬರೆಯುತ್ತಾರೆ. ಇದಕ್ಕೆ ಮುಂಬೈ ಮಕ್ಕಳಿಗೆ ಬೇರೆ ಉದಾಹರಣೆ ಬೇಕಿಲ್ಲ. 2005ರ ಜುಲೈ 26ರ ಮಳೆಯಲ್ಲಿ ಲೋಕಲ್ ನಿಂತು, ಸೊಂಟದ ಮಟ್ಟದ ನೀರಲ್ಲಿ ನಡೆದು ಬಂದ ಕಥೆ ಯಾವುದಾದರೂ ಮನೆಯಲ್ಲಿ ಇದ್ದೇ ಇರುತ್ತದೆ. ಸಾಂತಾಕ್ರೂಜ್‌ನಲ್ಲಿ ಆಗ ಬಿದ್ದ 944 ಮಿ.ಮೀ. ಅಳತೆಯಾದದ್ದು 27ರ ಬೆಳಿಗ್ಗೆ 8.30ಕ್ಕೆ. ಹಾಗಾಗಿ ದಿನವಾರು ಪಟ್ಟಿಯಲ್ಲಿ ಅದನ್ನು 27ರ ಎದುರು ಹುಡುಕಬೇಕು. "ಟೀಚರ್, ಪುಸ್ತಕ ತಪ್ಪು, ಅಪ್ಪ ಹೇಳಿದ್ದು 26" ಅಂತ ಯಾರಾದರೂ ಎದ್ದು ನಿಂತರೆ ಪಾಠ ಸರಿಯಾಗಿ ಹೋಗುತ್ತಿದೆ ಎಂದೇ ತಿಳಿಯಿರಿ.

ಎರಡನೇ ಪಿರಿಯಡ್ ಟೈಪಿಂಗ್. ನಾಲ್ಕು ಕಾಲಂ ಮಾಡಿಸಿ. A ತಾರೀಖು, B ಪುಸ್ತಕದಲ್ಲಿ ಇದ್ದ ಹಾಗೆ, C ಲೆಕ್ಕಕ್ಕೆ ಬೇಕಾದ ಸಂಖ್ಯೆ, D ಟಿಪ್ಪಣಿ. ಮೊದಲ ಸಾಲು ಹೆಸರುಗಳಿಗೆ, ಅಂಕಿಗಳು 2ರಿಂದ 11ನೇ ಸಾಲಿಗೆ. B ಕಾಲಂ ಯಾಕೆ, ಸುಮ್ನೆ ಎರಡು ಸಲ ಬರೆಸುವುದೇ ಎಂದು ಅನ್ನಿಸಬಹುದು. ಮುಂದೆ ಜಗಳ ಬಂದಾಗ ಸಾಕ್ಷಿ ಅದೇ. ಟೈಪ್ ಮಾಡುವ ಮೊದಲೇ B ಕಾಲಂನ ಫಾರ್ಮ್ಯಾಟನ್ನು ಟೆಕ್ಸ್ಟ್ ಎಂದು ಬದಲಿಸಿ. ಇಲ್ಲದಿದ್ದರೆ 64.0 ಬರೆದರೆ 64 ಆಗುತ್ತದೆ, 0.0 ಬರೆದರೆ 0 ಆಗುತ್ತದೆ.

Cಯಲ್ಲಿ ಬರೀ ಸಂಖ್ಯೆ. ಮಿ.ಮೀ. ಎಂದೂ ಬೇಡ, ನಕ್ಷತ್ರವೂ ಬೇಡ. Tಗೆ 0 ಹಾಕಿ, Dಯಲ್ಲಿ "ಅಳೆಯಲಾಗದಷ್ಟು ಮಳೆ" ಎಂದು ಬರೆಸಿ. ಆರನೇ ತಾರೀಖಿನ ಸೆಲ್ ಖಾಲಿ ಇರಲಿ, ಪಕ್ಕದಲ್ಲಿ "ಅಳತೆ ಇಲ್ಲ". ಏಳಕ್ಕೆ 91.8, ಪಕ್ಕದಲ್ಲಿ "6 ಮತ್ತು 7 ಸೇರಿ".

ತಾರೀಖನ್ನು 2025-07-01 ಎಂಬ ರೀತಿಯಲ್ಲೇ ಬರೆಸಿ. 1/7/2025 ಎಂದು ಬರೆದರೆ, ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್ ಅದನ್ನು ಜನವರಿ 7 ಎಂದು ಓದುತ್ತದೆ. 10/7 ಅಕ್ಟೋಬರ್ 7 ಆಗುತ್ತದೆ. ಹತ್ತೂ ತಾರೀಖು ಕ್ಯಾಲೆಂಡರ್‌ನಲ್ಲಿ ಇರುವುದರಿಂದ ಎಲ್ಲೂ ದೂರು ಬರುವುದಿಲ್ಲ. ಚಾರ್ಟ್ ಮಾಡಿದಾಗ ಕೆಳಗೆ ಜನವರಿಯಿಂದ ಅಕ್ಟೋಬರ್‌ವರೆಗೆ ತೆಳ್ಳಗಿನ ಕಡ್ಡಿಗಳು ಹರಡಿದ್ದರೆ ಕಾರಣ ಇದೇ.

ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಓದಲಿ, ಒಬ್ಬರು ಟೈಪ್ ಮಾಡಲಿ. ಓದುವಾಗ ಒಂದೊಂದೇ ಅಂಕಿ ಹೇಳಬೇಕು: "ಎರಡು, ಏಳು, ಪಾಯಿಂಟ್, ಐದು." ಇದು ನಮ್ಮೂರಿನ ಮಕ್ಕಳಿಗೆ ಜಾಸ್ತಿ ಮುಖ್ಯ. ಮನೆಯಲ್ಲಿ ಇಪ್ಪತ್ತೇಳು, ಬೀದಿಯಲ್ಲಿ ಸತ್ತಾವೀಸ್. ಮರಾಠಿ, ಹಿಂದಿಯಲ್ಲಿ ಏಳು ಮೊದಲು ಕಿವಿಗೆ ಬೀಳುತ್ತದೆ, ಬೆರಳು ಅದನ್ನೇ ಮೊದಲು ಒತ್ತಿಬಿಡುತ್ತದೆ. ಮುಗಿದ ಮೇಲೆ ಜೋಡಿ ಅದಲುಬದಲಾಗಿ, ಈ ಸಲ ಪರದೆಯಿಂದ ಓದಿ ಪುಸ್ತಕದಲ್ಲಿ ನೋಡಲಿ.

ಈಗ ನಿಮ್ಮ ನಾಲ್ಕು ಮೊತ್ತದ ವಿಷಯ. ಮೂರನೇ ಪಿರಿಯಡ್‌ನ ಅರ್ಧ ಇದಕ್ಕೇ ಇಡಿ. 12ನೇ ಸಾಲು ಖಾಲಿ ಬಿಟ್ಟು, C13ರಲ್ಲಿ ಕಂಪ್ಯೂಟರ್ ಮಾಡಿದ ಮೊತ್ತ, C14ರಲ್ಲಿ ಪುಸ್ತಕದ 242.6, C15ರಲ್ಲಿ ವ್ಯತ್ಯಾಸ ಬರಲಿ. C13 ಮತ್ತು C15ಕ್ಕೆ ಕ್ರಮವಾಗಿ:

```
=SUM(C2:C11)
=ROUND(C13-C14,1)
```

ವ್ಯತ್ಯಾಸ 0 ಬರದಿದ್ದರೆ ಹತ್ತೂ ಸಾಲು ಮತ್ತೆ ನೋಡಲು ಹೊರಡಬೇಡಿ. ವ್ಯತ್ಯಾಸವೇ ಕಳ್ಳನ ಸುಳಿವು ಕೊಡುತ್ತದೆ.

ಒಂದು ಗುಂಪಿಗೆ 150.8 ಬಂತು ಅಂದುಕೊಳ್ಳಿ. ಕಡಿಮೆ ಬಿದ್ದದ್ದು 91.8. ಅದು ಪಟ್ಟಿಯಲ್ಲೇ ಇರುವ ಸಂಖ್ಯೆ, ಅಲ್ವಾ? ಅಂದರೆ ಆ ಸೆಲ್ ಲೆಕ್ಕಕ್ಕೇ ಬಂದಿಲ್ಲ. ಹೋಗಿ ನೋಡಿದರೆ 91.8* ಎಂದು ನಕ್ಷತ್ರ ಸಮೇತ ಬರೆದಿರುತ್ತಾರೆ. ಕಂಪ್ಯೂಟರಿಗೆ ಅದು ಸಂಖ್ಯೆಯಲ್ಲ, ಅಕ್ಷರ. SUM ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಕಣ್ಣಲ್ಲೇ ಗುರುತಿಸಬಹುದು: ನಾವು ಏನೂ ಬದಲಿಸದಿದ್ದರೆ ಸಂಖ್ಯೆ ಸೆಲ್‌ನ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ.

ಇನ್ನೊಂದು ಗುಂಪಿಗೆ 354.2. ಹೆಚ್ಚಾದದ್ದು 111.6. ಅದನ್ನು 9ರಿಂದ ಭಾಗಿಸಿ: 12.4. ಎರಡನೇ ತಾರೀಖಿನ ಮಳೆ! ಚುಕ್ಕಿ ಬಿಟ್ಟು 124 ಎಂದು ಹೊಡೆದಿದ್ದಾರೆ. ಚುಕ್ಕಿ ಹೋದರೆ ಸಂಖ್ಯೆ ಹತ್ತು ಪಟ್ಟು ಆಗುತ್ತದೆ, ಹೆಚ್ಚಾಗುವ ಭಾಗ ಒಂಬತ್ತು ಪಟ್ಟು. ಕಾರಣವನ್ನು ನೀವು ಹೇಳಬೇಡಿ, ಒಂಬತ್ತನೇ ತರಗತಿಯವರು ಬೀಜಗಣಿತದಲ್ಲಿ ತಾವೇ ತೋರಿಸಬಲ್ಲರು.

ಮೂರನೇ ಗುಂಪಿಗೆ 240.8. ಕಡಿಮೆ 1.8. ಚುಕ್ಕಿ ಬಿಟ್ಟು 18 ಎಂದು ನೋಡಿದರೆ ಇದೂ 9ರ ಮಗ್ಗಿಯಲ್ಲಿದೆ, ಭಾಗಲಬ್ಧ 2. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದಾಗ ಹೀಗಾಗುತ್ತದೆ. ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ 2. ಕೊನೆಯ ಎರಡು ಅಂಕಿಯಲ್ಲಿ 2 ವ್ಯತ್ಯಾಸವಿದ್ದು, ಅದಲುಬದಲಾದರೆ ಕಡಿಮೆಯಾಗುವವು ಎರಡೇ: 8.6 ಮತ್ತು 27.5. ಹತ್ತರ ಬದಲು ಎರಡು ಸೆಲ್ ನೋಡಿದರೆ ಸಾಕು. 27.5 ಇದ್ದದ್ದು 25.7 ಆಗಿತ್ತು.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಎಂಟರ ಮಳೆಯನ್ನು ಒಂಬತ್ತಕ್ಕೂ ಒಂಬತ್ತರದ್ದನ್ನು ಎಂಟಕ್ಕೂ ಬರೆದರೆ ಮೊತ್ತ ಕೆಡುವುದಿಲ್ಲ. ಆರರ ಖಾಲಿ ಸೆಲ್‌ಗೆ 0 ತುಂಬಿದರೂ ಗೊತ್ತಾಗುವುದಿಲ್ಲ. ಅದಕ್ಕೇ ಪರದೆಯಿಂದ ತಿರುಗಿ ಓದಿಸುವುದು. ಆ ಖಾಲಿ ಸೆಲ್ ಸರಾಸರಿಯನ್ನೂ ಕೆಡಿಸುತ್ತದೆ. AVERAGE ಖಾಲಿ ಸೆಲ್ ಬಿಟ್ಟು 9ರಿಂದ ಭಾಗಿಸಿ ಸುಮಾರು 27 ಕೊಡುತ್ತದೆ. ಆದರೆ ಆರರ ಮಳೆ ಏಳರಲ್ಲಿ ಸೇರಿದೆ, ನೀರು ಹತ್ತು ದಿನದ್ದು. ಇಲ್ಲಿ 10ರಿಂದಲೇ ಭಾಗಿಸಬೇಕು, 24.3 ಬರುತ್ತದೆ. ನಕ್ಷತ್ರದ ಟಿಪ್ಪಣಿ ಇಲ್ಲದೆ ಬರೀ ಅಡ್ಡಗೆರೆ ಇದ್ದಿದ್ದರೆ 9 ಸರಿ.

ಮಳೆ ದಿನಗಳ ಎಣಿಕೆಯೂ ಹಾಗೆಯೇ. ನಮ್ಮ ಹವಾಮಾನ ಇಲಾಖೆಗೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ಮಳೆ ದಿನ.

```
=COUNTIF(C2:C11,">=2.5")
```

ಉತ್ತರ 6. ಒಂಬತ್ತನೇ ತಾರೀಖಿನ 2.1 ಕೊಡೆ ಬಿಚ್ಚಿಸಿರಬಹುದು, ಎಣಿಕೆಗೆ ಸಿಗಲಿಲ್ಲ. 91.8 ಎರಡೂ ದಿನ ಹಂಚಿ ಬಿದ್ದಿದ್ದರೆ ನಿಜವಾದ ಉತ್ತರ 7. ಆದ್ದರಿಂದ ಮಕ್ಕಳು "6 ಅಥವಾ 7" ಎಂದು ಬರೆದರೆ ಪೂರ್ತಿ ಅಂಕ ಕೊಡಿ.

ಚಾರ್ಟ್‌ಗೆ ಉಳಿದ ಅರ್ಧ ಪಿರಿಯಡ್ ಸಾಕು. A1ರಿಂದ A11, ಕಂಟ್ರೋಲ್ ಕೀ ಒತ್ತಿಕೊಂಡು C1ರಿಂದ C11 ಆಯ್ದು, ಕಾಲಂ ಚಾರ್ಟ್ ಹಾಕಿಸಿ. ಮೊತ್ತದ ಸೆಲ್ ಸೇರಿದರೆ 242.6ರ ಕಂಬ ಎದ್ದು ನಿಂತು ಉಳಿದವನ್ನೆಲ್ಲ ಕುಳ್ಳ ಮಾಡುತ್ತದೆ. ನಡುವೆ ಒಂದು ಸಾಲು ಖಾಲಿ ಬಿಡಿಸಿದ್ದು ಇದಕ್ಕೇ. ಗೆರೆಯ ಚಾರ್ಟ್ ಬೇಡ. ಎರಡು ದಿನಗಳ ನಡುವೆ ಮಳೆ ಮೆಲ್ಲಗೆ ಇಳಿಯಿತು ಎಂದು ಗೆರೆ ಹೇಳುತ್ತದೆ, ಪಟ್ಟಿ ಹಾಗೆ ಹೇಳಿಲ್ಲ.

ಕಾಲಂ ಚಾರ್ಟ್‌ಗೂ ಒಂದು ದೋಷವಿದೆ. ನಾಲ್ಕರ ಸೊನ್ನೆ, ಆರರ ಖಾಲಿ ಜಾಗ ಎರಡೂ ಒಂದೇ ಥರ ಕಾಣುತ್ತವೆ. ಆರರ ಮೇಲೆ "ಅಳತೆ ಇಲ್ಲ" ಎಂದು ಕೈಯಾರೆ ಬರೆಸಿ, ಏಳರ ಕಂಬಕ್ಕೆ ಬೇರೆ ಬಣ್ಣ ಕೊಡಿಸಿ. ಆ ಬಣ್ಣ ಇಲ್ಲದಿದ್ದರೆ ಯಾರೋ ಒಬ್ಬರು ಅದನ್ನು ಭಾರಿ ಮಳೆಯ ದಿನ ಅಂದುಬಿಡುತ್ತಾರೆ. ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ. ಈ 91.8 ಎರಡು ದಿನಕ್ಕೆ ಸಮನಾಗಿ ಹಂಚಿದ್ದರೆ ಒಂದು ದಿನವೂ ಆ ಗಡಿ ಮುಟ್ಟುವುದಿಲ್ಲ.

ನಿಂತ ಗೆರೆ 0ಯಿಂದಲೇ ಶುರುವಾಗಲಿ, ಪಕ್ಕದಲ್ಲಿ ಮಿ.ಮೀ. ಎಂದಿರಲಿ. ಎರಡು ಊರಿನ ಚಾರ್ಟ್ ಪಕ್ಕಪಕ್ಕ ಇಡುವುದಾದರೆ ಮೇಲಿನ ಮಿತಿಯನ್ನೂ ಒಂದೇ ಮಾಡಿಸಿ. 2005ರ ಅದೇ 24 ಗಂಟೆಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಕಂಪ್ಯೂಟರಿಗೇ ಬಿಟ್ಟರೆ ಕೊಲಾಬಾದ 73ರ ಕಂಬವೂ ಸಾಂತಾಕ್ರೂಜ್‌ನ 944ರ ಕಂಬವೂ ತಂತಮ್ಮ ಚಾರ್ಟ್‌ನಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಎರಡಕ್ಕೂ 1000 ಮಿತಿ ಹಾಕಿದಾಗ ಒಂದೇ ನಗರದ ಎರಡು ತುದಿ ಅವತ್ತು ಹೇಗಿತ್ತು ಎಂದು ಕಾಣುತ್ತದೆ.

ಕೊನೆಗೆ, ಎಲ್ಲ ಗುಂಪಿಗೂ ಒಂದೇ ಮೊತ್ತ ಬಂದು, ಅದು ಪುಸ್ತಕದ ಮೊತ್ತಕ್ಕೆ ಮಾತ್ರ ಹೊಂದದಿದ್ದರೆ? ಅಚ್ಚಿನ ತಪ್ಪಿರಬಹುದು. ಆಗಲೂ ಯಾವ ಸೆಲ್ಲನ್ನೂ ತಿದ್ದಿ ಹೊಂದಿಸಬೇಡಿ. C15ರಲ್ಲಿ ಆ ವ್ಯತ್ಯಾಸ ಹಾಗೇ ಕಾಣಲಿ, ಪಕ್ಕದ D15ರಲ್ಲಿ "ಪುಸ್ತಕದ ಮೊತ್ತ ಹೊಂದುತ್ತಿಲ್ಲ" ಎಂದು ಬರೆಸಿ.