ಟಿಪಿಎಚ್‌ಎ ಇನ್ನೂ ಪಾಸಿಟಿವ್, ಮದುವೆ ಆಗಬಹುದೇ?

ಪ್ರಶ್ನೆ: ನನಗೆ 31 ವರ್ಷ. ಮೂರು ವರ್ಷದ ಹಿಂದೆ ಒಂದು ಸಂಬಂಧ ಇತ್ತು. ಆಗ ಜನನಾಂಗದ ಮೇಲೆ ಒಂದು ಹುಣ್ಣಾಗಿ, ನೋವೇ ಇಲ್ಲದೆ, ಒಂದು ತಿಂಗಳಲ್ಲಿ ತಾನಾಗಿ ಮಾಯಿತು. ಯಾರಿಗೂ ಹೇಳಲಿಲ್ಲ. 14 ತಿಂಗಳ ಹಿಂದೆ ರಕ್ತ ಕೊಡಲು ಹೋದಾಗ ಸಿಫಿಲಿಸ್ ಇದೆ ಎಂದು ಗೊತ್ತಾಯಿತು. ವಿಡಿಆರ್‌ಎಲ್ 1:32, ಟಿಪಿಎಚ್‌ಎ ಪಾಸಿಟಿವ್, ಎಚ್‌ಐವಿ ನೆಗೆಟಿವ್. ವಾರಕ್ಕೊಂದರಂತೆ ಮೂರು ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಂಡೆ. ಅಂದಿನಿಂದ ಯಾರೊಂದಿಗೂ ಸಂಪರ್ಕವಿಲ್ಲ. ಎರಡು ತಿಂಗಳ ಹಿಂದೆ ವಿಡಿಆರ್‌ಎಲ್ 1:4 ಬಂತು. ಸಮಾಧಾನವಾಗದೆ ಕಳೆದ ವಾರ ಬೇರೆ ಲ್ಯಾಬಿನಲ್ಲಿ ಮಾಡಿಸಿದೆ: ಆರ್‌ಪಿಆರ್ 1:16, ಟಿಪಿಎಚ್‌ಎ ಈಗಲೂ ಪಾಸಿಟಿವ್. ಕಾಲು ಜುಮುಜುಮು ಎನ್ನುತ್ತದೆ. ನರಕ್ಕೆ ಹೋಗಿಬಿಟ್ಟಿತೇ? ಮದುವೆ ಗೊತ್ತಾಗಿದೆ. ಹುಡುಗಿಗೆ ಹೇಳಿದರೆ ಮುರಿದುಬೀಳುತ್ತದೆ, ಹೇಳದಿದ್ದರೆ ಮೋಸ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಮೊದಲು ಆ ಟಿಪಿಎಚ್‌ಎಯನ್ನು ಪಕ್ಕಕ್ಕಿಡಿ. ಇನ್ನು ಮುಂದೆ ಅದನ್ನು ಮಾಡಿಸಲೇಬೇಡಿ. ಅದು ಹುಡುಕುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ನಿಮ್ಮ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ರೋಗಾಣು ಸತ್ತ ಮೇಲೂ ಆ ಪ್ರತಿಕಾಯಗಳು ಹೆಚ್ಚಿನವರಲ್ಲಿ ಜೀವನಪೂರ್ತಿ ಇರುತ್ತವೆ. ಹತ್ತು ವರ್ಷ ಬಿಟ್ಟು ಮಾಡಿಸಿದರೂ ಬಹುಶಃ ಪಾಸಿಟಿವ್ ಎಂದೇ ಬರುತ್ತದೆ, ನೀವು ಆಗಲೂ ಹೀಗೆಯೇ ನಿದ್ದೆಗೆಡುತ್ತೀರಿ. ಆ ಪರೀಕ್ಷೆ ಹೇಳುವುದು 'ಈ ಕಾಯಿಲೆ ಒಮ್ಮೆ ಬಂದಿತ್ತು' ಎಂಬುದನ್ನು. ಈಗ ಇದೆಯೋ ಹೋಗಿದೆಯೋ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಆ ಪ್ರಶ್ನೆಗೆ ಉತ್ತರ ಹೇಳುವುದು ವಿಡಿಆರ್‌ಎಲ್. ಸಿಫಿಲಿಸ್ ಅಂಗಾಂಶಗಳನ್ನು ಹಾಳುಮಾಡುವಾಗ ಕಾರ್ಡಿಯೊಲಿಪಿನ್ ಎಂಬ ಜಿಡ್ಡಿನ ವಸ್ತುವಿನ ವಿರುದ್ಧವೂ ದೇಹದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಕಾಯಿಲೆ ಚುರುಕಾಗಿದ್ದಾಗ ಅವು ಏರುತ್ತವೆ, ಚಿಕಿತ್ಸೆಯಾದ ಮೇಲೆ ಇಳಿಯುತ್ತವೆ. ಎಷ್ಟಿವೆ ಎಂದು ಅಳೆಯಲು ಲ್ಯಾಬಿನವರು ರಕ್ತದ ಸೀರಮ್ಮನ್ನು ಸರಿಅರ್ಧ ತೆಳುಮಾಡುತ್ತಾರೆ. ಅದನ್ನು ಮತ್ತೆ ಅರ್ಧ, ಅದನ್ನು ಇನ್ನೊಮ್ಮೆ ಅರ್ಧ. 1:2, 1:4, 1:8, ಹೀಗೆ ಒಂದೊಂದೇ ಮೆಟ್ಟಿಲು. ಎಷ್ಟು ತೆಳುಮಾಡಿದರೂ ಪರೀಕ್ಷೆಯ ದ್ರಾವಣ ಇನ್ನೂ ಗಂಟುಕಟ್ಟುತ್ತಿದೆಯೋ ಆ ಕೊನೆಯ ಮೆಟ್ಟಿಲೇ ನಿಮ್ಮ ವರದಿಯಲ್ಲಿರುವ ಸಂಖ್ಯೆ. 1:32 ಎಂದರೆ ಮೂವತ್ತೆರಡು ಪಟ್ಟು ತೆಳುವಾದರೂ ಗಂಟು ಕಾಣುತ್ತಿತ್ತು ಎಂದರ್ಥ.

ಒಂದು ಮೆಟ್ಟಿಲು ಆಚೀಚೆಯಾದರೆ ವೈದ್ಯರು ತಲೆಕೆಡಿಸಿಕೊಳ್ಳುವುದಿಲ್ಲ. ಅದೇ ರಕ್ತವನ್ನು ಮಧ್ಯಾಹ್ನ ಇನ್ನೊಮ್ಮೆ ನೋಡಿದರೂ ಅಷ್ಟು ವ್ಯತ್ಯಾಸ ಬರಬಹುದು. ಎರಡು ಮೆಟ್ಟಿಲು, ಅಂದರೆ ನಾಲ್ಕು ಪಟ್ಟು ಬದಲಾದರೆ ಮಾತ್ರ ನಿಜವಾದ ಬದಲಾವಣೆ ಎಂದು ಲೆಕ್ಕ. ನಿಮ್ಮ ಸಂಖ್ಯೆ 32ರಿಂದ 16ಕ್ಕೆ, 16ರಿಂದ 8ಕ್ಕೆ, 8ರಿಂದ 4ಕ್ಕೆ, ಮೂರು ಮೆಟ್ಟಿಲು ಇಳಿದಿದೆ. ನಿಮ್ಮಂತೆ ತಡವಾಗಿ ಪತ್ತೆಯಾದವರಲ್ಲಿ ಎರಡು ಮೆಟ್ಟಿಲು ಇಳಿಯಲು ಎರಡು ವರ್ಷದವರೆಗೂ ಕಾಯುತ್ತೇವೆ. ನೀವು ಒಂದು ವರ್ಷದಲ್ಲೇ ಮೂರು ಇಳಿದಿದ್ದೀರಿ. ಇಂಜೆಕ್ಷನ್ ಕೆಲಸ ಮಾಡಿದೆ. ಮುಂದೆ ಅದು 1:2ಕ್ಕೋ 1:1ಕ್ಕೋ ಬಂದು ಅಲ್ಲೇ ನಿಂತುಬಿಡಬಹುದು, ಪೂರ್ತಿ ನೆಗೆಟಿವ್ ಆಗದೆಯೂ ಇರಬಹುದು. ಅದಕ್ಕೂ ಗಾಬರಿ ಬೇಡ, ಇದು ಬಹಳ ಜನರಲ್ಲಿ ಕಾಣುವುದೇ.

ಹಾಗಾದರೆ ಕಳೆದ ವಾರದ 1:16? ಅಲ್ಲಿ ನೀವೇ ಒಂದು ಎಡವಟ್ಟು ಮಾಡಿಕೊಂಡಿದ್ದೀರಿ. ಆರ್‌ಪಿಆರ್ ಕೂಡ ವಿಡಿಆರ್‌ಎಲ್‌ನ ಜಾತಿಯದೇ, ಆದರೆ ಬೇರೆ ಪರೀಕ್ಷೆ. ವಿಡಿಆರ್‌ಎಲ್‌ನ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆರ್‌ಪಿಆರ್‌ನಲ್ಲಿ ಇದ್ದಿಲಿನ ಕಣ ಬೆರೆಸಿರುವುದರಿಂದ ಬಿಳಿ ಕಾರ್ಡಿನ ಮೇಲೆ ಕಪ್ಪು ಚುಕ್ಕೆಗಳಾಗಿ ಬರಿಗಣ್ಣಿಗೇ ಕಾಣುತ್ತವೆ. ಒಂದೇ ರಕ್ತಕ್ಕೆ ಆರ್‌ಪಿಆರ್ ಸಂಖ್ಯೆ ಸಾಮಾನ್ಯವಾಗಿ ಸ್ವಲ್ಪ ಮೇಲೆಯೇ ಬರುತ್ತದೆ. ಜೊತೆಗೆ ಲ್ಯಾಬೂ ಬೇರೆ, ನೋಡಿದ ಕಣ್ಣೂ ಬೇರೆ. ಆದ್ದರಿಂದ 1:4ರ ಪಕ್ಕದಲ್ಲಿ 1:16 ಇಟ್ಟು 'ನಾಲ್ಕು ಪಟ್ಟು ಏರಿತು' ಎನ್ನುವುದು ಗಜದಲ್ಲಿ ಅಳೆದದ್ದನ್ನು ಮೀಟರಿನಲ್ಲಿ ಅಳೆದದ್ದಕ್ಕೆ ಹೋಲಿಸಿದ ಹಾಗೆ.

ಹಾಗೆಂದು ಅದನ್ನು ಕಸದಬುಟ್ಟಿಗೆ ಹಾಕಿ ಎನ್ನುವುದಿಲ್ಲ. ಮೊದಲಿನ ಲ್ಯಾಬಿಗೇ ಹೋಗಿ, ಮೊದಲಿನ ವಿಡಿಆರ್‌ಎಲ್ ಅನ್ನೇ, ಸಂಖ್ಯೆ ಸಮೇತ ಇನ್ನೊಮ್ಮೆ ಮಾಡಿಸಿ. 1:8ರ ಒಳಗೆ ಬಂದರೆ ಆರ್‌ಪಿಆರ್ ವಿಚಾರ ಅಲ್ಲಿಗೆ ಮುಗಿಯಿತು. ಅಲ್ಲಿಯೂ 1:16 ಅಥವಾ ಅದಕ್ಕಿಂತ ಮೇಲೆ ಬಂದರೆ ಮಾತು ಬೇರೆ. ಹೊಸ ಸೋಂಕು ತಗುಲಿದಾಗ ಹಾಗಾಗುತ್ತದೆ, ಏಕೆಂದರೆ ಒಮ್ಮೆ ಬಂದ ಸಿಫಿಲಿಸ್ ಮತ್ತೆ ಬಾರದಂತೆ ರಕ್ಷಣೆ ಕೊಡುವುದಿಲ್ಲ. ನಿಮಗೆ ಅಂಥ ಸಂಪರ್ಕವೇ ಆಗಿಲ್ಲ ಎನ್ನುತ್ತೀರಿ, ಆಗ ಚಿಕಿತ್ಸೆ ಸಾಲದೆ ಹೋಯಿತೇ, ನರಮಂಡಲದಲ್ಲಿ ಏನಾದರೂ ಉಳಿದಿದೆಯೇ ಎಂದು ವೈದ್ಯರು ಹುಡುಕಬೇಕಾಗುತ್ತದೆ. ಆ ಭೇಟಿಗೆ ಹಳೆಯ ವರದಿಗಳೆಲ್ಲ ಜೊತೆಯಲ್ಲಿರಲಿ.

ಈಗ ಕಾಲಿನ ವಿಷಯ. ಈ ಕಾಯಿಲೆ ನಿಮ್ಮ ದೇಹದಲ್ಲಿ ಎಷ್ಟು ದೂರ ನಡೆದಿತ್ತು ಎಂದು ನೋಡೋಣ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ, ರೋಗಾಣು ಒಳಹೊಕ್ಕ ಜಾಗದಲ್ಲೇ, ಅಂಚು ಗಟ್ಟಿಯಾಗಿರುವ, ನೋವಿಲ್ಲದ ಆ ಹುಣ್ಣು ಏಳುತ್ತದೆ. ಮದ್ದಿಲ್ಲದೆಯೇ ಮೂರರಿಂದ ಆರು ವಾರದಲ್ಲಿ ಮಾಯುತ್ತದೆ. ನೋವಿಲ್ಲ, ತಾನೇ ವಾಸಿಯಾಯಿತು, ಅದಕ್ಕೇ ಜನ ಮರೆಯುತ್ತಾರೆ. ಆಮೇಲೆ ಕೆಲವು ವಾರಗಳಲ್ಲಿ ಅಂಗೈ, ಅಂಗಾಲಿನಲ್ಲೂ ಬಿಡದೆ ತಾಮ್ರದ ಬಣ್ಣದ, ತುರಿಕೆಯಿಲ್ಲದ ಗಂಧೆ, ಸಣ್ಣ ಜ್ವರ, ಅಲ್ಲಲ್ಲಿ ಕೂದಲು ಉದುರುವುದು ಆಗಬಹುದು. ನೀವು ಅಂಥದ್ದೇನೂ ಬರೆದಿಲ್ಲ; ಎಷ್ಟೋ ಜನರಿಗೆ ಅದು ಗಮನಕ್ಕೇ ಬರುವುದಿಲ್ಲ, ಅಥವಾ ಬಿಸಿಲಿನ ಗಂಧೆ ಎಂದುಕೊಂಡಿರುತ್ತಾರೆ. ಅದೂ ಮರೆಯಾದ ಮೇಲೆ ಏನೂ ಕಾಣದ, ರಕ್ತದಲ್ಲಿ ಮಾತ್ರ ಸಿಗುವ ಸುಪ್ತ ಘಟ್ಟ. ನೀವು ಸಿಕ್ಕಿಬಿದ್ದದ್ದು ಅಲ್ಲಿ. ಈ ಘಟ್ಟದಲ್ಲಿ ಒಂದು ವರ್ಷ ದಾಟಿದೆ ಅಥವಾ ಎಷ್ಟಾಯಿತೋ ಗೊತ್ತಿಲ್ಲ ಎಂದಾದರೆ 24 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ವಾರಕ್ಕೊಂದರಂತೆ ಮೂರು ಸಲ ಕೊಡುತ್ತಾರೆ. ಅದಕ್ಕೂ ಮುಂಚೆಯೇ ಸಿಕ್ಕಿದ್ದರೆ ಒಂದೇ ಸಲ ಸಾಕಾಗುತ್ತಿತ್ತು.

ನೀವು ಹೆದರುತ್ತಿರುವ ಬೆನ್ನುಹುರಿಯ ಕಾಯಿಲೆ, ಟೇಬಿಸ್ ಡಾರ್ಸಾಲಿಸ್, ಚಿಕಿತ್ಸೆಯೇ ಇಲ್ಲದೆ ಹತ್ತಾರು ವರ್ಷ ಬಿಟ್ಟವರಿಗೆ ಬರುವಂಥದ್ದು. ಅದು ಜುಮುಜುಮು ಎಂದಷ್ಟಕ್ಕೆ ನಿಲ್ಲುವುದಿಲ್ಲ. ಕಾಲಿನಲ್ಲಿ ಮಿಂಚು ಹೊಡೆದಂತೆ ಕ್ಷಣಮಾತ್ರದ ಚಳುಕು ಬರುತ್ತದೆ. ಪಾದ ಎಲ್ಲಿದೆ ಎಂಬ ಅರಿವು ಹೋಗುವುದರಿಂದ ಮನುಷ್ಯ ಕಣ್ಣಿನ ಆಸರೆಯಲ್ಲೇ ನಡೆಯುತ್ತಾನೆ. ಕತ್ತಲಲ್ಲಿ ತೂರಾಡುತ್ತಾನೆ. ಬೇಸಿನ್ ಮುಂದೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ಮುಂದಕ್ಕೆ ಮುಗ್ಗರಿಸುತ್ತಾನೆ. ಕಣ್ಣಿನ ಪಾಪೆ ಹತ್ತಿರದ ವಸ್ತು ನೋಡುವಾಗ ಚಿಕ್ಕದಾಗುತ್ತದೆ, ಟಾರ್ಚ್ ಬಿಟ್ಟರೆ ಮಾತ್ರ ಕದಲುವುದಿಲ್ಲ. ಇವೆಲ್ಲವನ್ನೂ ನರತಜ್ಞರು ಕಾಲು ಗಂಟೆಯಲ್ಲಿ ನೋಡಿ ಹೇಳಬಲ್ಲರು. ತೋರಿಸಿಕೊಳ್ಳಿ, ಜೊತೆಗೆ ಸಕ್ಕರೆ ಮತ್ತು ಬಿ12 ನೋಡಿಸಿ. ನನ್ನ ಅಂದಾಜು ಕೇಳಿದರೆ, ಕಾರಣ ಆ ಕಡೆ ಸಿಗುವ ಸಂಭವವೇ ಹೆಚ್ಚು.

ಒಂದು ಎಚ್ಚರಿಕೆ ಮಾತ್ರ ನೆನಪಿಡಿ. 'ನರಕ್ಕೆ ಹೋಗುವುದು ಕೊನೆಗೆ' ಎಂಬುದು ಪೂರ್ತಿ ಸತ್ಯವಲ್ಲ. ಕಣ್ಣು, ಕಿವಿ, ಮೆದುಳಿನ ಪೊರೆಗಳಿಗೆ ಈ ರೋಗಾಣು ಮೊದಲ ತಿಂಗಳುಗಳಲ್ಲೇ ತೊಂದರೆ ಕೊಡಬಹುದು. ದೃಷ್ಟಿ ಮಂಜಾದರೆ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ, ಮುಖದ ಒಂದು ಬದಿ ಸೋತರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಹೋಗಬೇಕು. ಅಂಥ ಲಕ್ಷಣ ಇದ್ದಾಗ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುತ್ತಾರೆ. ಆ ನೀರಿನಲ್ಲಿ ರಕ್ತ ಬೆರೆಯದೆ ವಿಡಿಆರ್‌ಎಲ್ ಪಾಸಿಟಿವ್ ಬಂದರೆ ನರ ಸಿಫಿಲಿಸ್ ಎಂದೇ ಹಿಡಿಯುತ್ತಾರೆ. ನೆಗೆಟಿವ್ ಬಂದರೆ ಇಲ್ಲವೆಂದು ಬಿಟ್ಟುಬಿಡುವ ಹಾಗಿಲ್ಲ, ಆ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳುವ ರೋಗಿಗಳು ಸಾಕಷ್ಟಿದ್ದಾರೆ. ಚಿಕಿತ್ಸೆಯೂ ಬದಲಾಗುತ್ತದೆ. ನಿಮಗೆ ಕೊಟ್ಟ ಸೊಂಟದ ಇಂಜೆಕ್ಷನ್ ಆ ನೀರಿನೊಳಗೆ ಬೇಕಾದಷ್ಟು ಸೇರುವುದಿಲ್ಲ, ಆದ್ದರಿಂದ ಆಸ್ಪತ್ರೆಯಲ್ಲಿದ್ದು 10ರಿಂದ 14 ದಿನ ರಕ್ತನಾಳದ ಮೂಲಕ ಪೆನಿಸಿಲಿನ್ ತೆಗೆದುಕೊಳ್ಳಬೇಕು. ನಿಮ್ಮ ಕಾಗದದ ಪ್ರಕಾರ ನೀವು ಆ ದಾರಿಯಲ್ಲಿಲ್ಲ. ನರತಜ್ಞರಿಗೆ ಏನೂ ಕಾಣದಿದ್ದರೆ, ವಿಡಿಆರ್‌ಎಲ್ ಕೂಡ ಏರಿರದಿದ್ದರೆ, ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳುವ ಅಗತ್ಯವೂ ಇಲ್ಲ.

ಹುಡುಗಿಗೆ ಹೇಳಬೇಕೇ? ಆಕೆಗೆ ನಿಮ್ಮಿಂದ ಸೋಂಕಿನ ಭಯವಿದೆಯೆಂದು ನಾನು ಹೇಳಿ ಎನ್ನುತ್ತಿಲ್ಲ. ಚಿಕಿತ್ಸೆ ಮುಗಿದಿದೆ, ಸಂಖ್ಯೆ ಇಳಿದಿದೆ. ಆ ಮರುಪರೀಕ್ಷೆಯೊಂದು ಸರಿಬಂದರೆ ಆಕೆಗೂ ಹುಟ್ಟುವ ಮಗುವಿಗೂ ಈ ಹಳೆಯ ಸೋಂಕಿನಿಂದ ಅಪಾಯವಿಲ್ಲ. ನಾನು ಹೇಳಿ ಎನ್ನುವುದು ಆ ಟಿಪಿಎಚ್‌ಎಯ ದೆಸೆಯಿಂದಲೇ. ಯಾವುದೋ ಆಪರೇಷನ್ನಿಗೆ ಮುಂಚೆ, ಯಾವುದೋ ಆರೋಗ್ಯ ತಪಾಸಣೆಯಲ್ಲಿ ಅದು ಮತ್ತೆ ಪಾಸಿಟಿವ್ ಎಂದು ಬರುತ್ತದೆ, ಆ ಕಾಗದ ಆಕೆಯ ಕೈಗೇ ಸಿಗಬಹುದು. ಮದುವೆಯಾಗಿ ಐದು ವರ್ಷಕ್ಕೆ ಹಾಗೆ ಸಿಕ್ಕರೆ ಅದು ಮದುವೆಗೆ ಮುಂಚಿನದು ಎಂದು ನೀವು ನಂಬಿಸುವುದು ಹೇಗೆ? ಮರುಪರೀಕ್ಷೆಯ ವರದಿ ಬರಲಿ. ನಂತರ ಮನೆಯವರನ್ನು ನಡುವೆ ತರದೆ ಆಕೆಯೊಬ್ಬರ ಜೊತೆ ಕೂತು, 1:32ರ ಕಾಗದ, ಇಂಜೆಕ್ಷನ್ನಿನ ಚೀಟಿ, 1:4ರ ಕಾಗದ, ಮೂರನ್ನೂ ಎದುರಿಗಿಟ್ಟು ಹೇಳಿ. ಬೇಕೆಂದರೆ ಚಿಕಿತ್ಸೆ ಕೊಟ್ಟ ವೈದ್ಯರ ಬಳಿ ಇಬ್ಬರೂ ಒಟ್ಟಿಗೆ ಹೋಗಬಹುದು. ಮುರಿದುಬೀಳುವುದೇ ಇಲ್ಲ ಎಂದು ನಾನು ಭರವಸೆ ಕೊಡಲಾರೆ.

ನೀವು ಕೇಳದ ಒಬ್ಬರ ವಿಷಯ ಉಳಿಯಿತು, ನನಗೆ ನಿಮಗಿಂತ ಹೆಚ್ಚು ಚಿಂತೆ ಅವರದೇ. ಮೂರು ವರ್ಷದ ಹಿಂದೆ ನಿಮ್ಮ ಜೊತೆಗಿದ್ದವರಿಗೆ ಈ ಸುದ್ದಿ ಮುಟ್ಟಿದೆಯೇ? ಸೋಂಕು ಅವರಿಂದ ನಿಮಗೆ ಬಂದಿತ್ತೋ ನಿಮ್ಮಿಂದ ಅವರಿಗೆ ಹೋಯಿತೋ, ಅದು ಈಗ ಮುಖ್ಯವಲ್ಲ. ಅವರೂ ಇವತ್ತು ಅದೇ ಸುಪ್ತ ಘಟ್ಟದಲ್ಲಿ, ಏನೂ ಗೊತ್ತಿಲ್ಲದೆ ಇರಬಹುದು. ಅವರು ಹೆಣ್ಣಾಗಿದ್ದು ಗರ್ಭಿಣಿಯಾದರೆ ಸುಪ್ತವಾಗಿರುವ ಸೋಂಕೂ ಮಗುವಿಗೆ ದಾಟಬಲ್ಲದು. 'ನನಗೆ ಸಿಫಿಲಿಸ್ ಇತ್ತು, ಚಿಕಿತ್ಸೆಯಾಗಿದೆ, ನೀವೂ ಒಮ್ಮೆ ವಿಡಿಆರ್‌ಎಲ್ ಮತ್ತು ಟಿಪಿಎಚ್‌ಎ ಮಾಡಿಸಿಕೊಳ್ಳಿ' ಎಂದು ಒಂದು ಮೆಸೇಜು ಕಳಿಸಿ. ನಿಮ್ಮ ಕೈಯಲ್ಲಿ ಆಗುವುದಿಲ್ಲವೆಂದಾದರೆ ವೈದ್ಯರಿಗೆ ಹೇಳಿ ನೋಡಿ, ನಿಮ್ಮ ಹೆಸರು ಎತ್ತದೆ ತಿಳಿಸುವ ದಾರಿ ಅವರಿಗೆ ಗೊತ್ತಿರಬಹುದು. ಮದುವೆಯ ಮಾತು ಆಡುವ ಮೊದಲೇ ಇದಾಗಲಿ.